ಜಿಮ್ ಪುಡಿ, ರಕ್ತ ಪರೀಕ್ಷೆ ಮತ್ತು ಮನೆ ಡಾಕ್ಟರು: ಕ್ರಿಯೇಟಿನ್ ತಗೊಳ್ಳೋರು ಏನು ಹೇಳಬೇಕು?

ಕಳೆದ ಸಂಚಿಕೆ ಕೇಳಿದ ಮೇಲೆ ಹಲವರು ಕೇಳಿದ ಪ್ರಶ್ನೆ ಒಂದೇ: "ಕ್ರಿಯೇಟಿನ್ ತಗೊಂಡ್ರೆ ಕಿಡ್ನಿ ಹೋಗುತ್ತಾ?" ಇದಕ್ಕೆ ಚಿಕ್ಕ ಉತ್ತರ ಕೊಟ್ಟುಬಿಡ್ತೀನಿ. ಕಿಡ್ನಿ ಚೆನ್ನಾಗಿರುವ ವಯಸ್ಕರು ದಿನಕ್ಕೆ 3ರಿಂದ 5 ಗ್ರಾಂ ತಗೊಂಡರೆ ಕಿಡ್ನಿಗೆ ಹಾನಿ ಆಗುತ್ತೆ ಅನ್ನೋದನ್ನ ಇದುವರೆಗಿನ ಅಧ್ಯಯನಗಳು ತೋರಿಸಿಲ್ಲ. ಮೊದಲೇ ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನ ಮುಟ್ಟಬಾರದು. ಆ ಪ್ರಶ್ನೆ ಇಲ್ಲಿಗೆ ಸಾಕು. ನನಗೆ ಕ್ಲಿನಿಕ್ಕಿನಲ್ಲಿ ದಿನಾ ಎದುರಾಗೋದು ಬೇರೆ ಸಮಸ್ಯೆ. ಪುಡಿ ಕಿಡ್ನಿಯನ್ನ ಕೆಡಿಸದೇ ಇರಬಹುದು, ಆದರೆ ಕಿಡ್ನಿ ರಿಪೋರ್ಟನ್ನಂತೂ ಗೊಂದಲ ಮಾಡುತ್ತೆ. ಆ ರಿಪೋರ್ಟ್ ನೋಡಿಕೊಂಡೇ ಡಾಕ್ಟರು ಮಾತ್ರೆ ಶುರು ಮಾಡ್ತಾರೆ, ಡೋಸ್ ಇಳಿಸ್ತಾರೆ, ಇಲ್ಲಾ ನಿಲ್ಲಿಸ್ತಾರೆ. ಹಾಗಾಗಿ ಇವತ್ತಿನ ಮಾತು ಇಷ್ಟೇ: ರಕ್ತ ಕೊಡೋ ಮೊದಲು, ಹೊಸ ಮಾತ್ರೆ ಬರೆಸಿಕೊಳ್ಳೋ ಮೊದಲು, ಈ ಪುಡಿಯ ಬಗ್ಗೆ ನಿಮ್ಮ ಮನೆ ಡಾಕ್ಟರಿಗೆ ಏನು ಹೇಳಬೇಕು, ಹೇಗೆ ಹೇಳಬೇಕು.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಡಬ್ಬಿಯಲ್ಲಿರೋದು ಕ್ರಿಯೇಟಿನ್. ಲ್ಯಾಬ್ ರಿಪೋರ್ಟಿನಲ್ಲಿ ಬರೋದು ಕ್ರಿಯೇಟಿನಿನ್. ಒಂದು "ನಿ" ಜಾಸ್ತಿ, ಅಷ್ಟೇ ವ್ಯತ್ಯಾಸ. ಎಷ್ಟೋ ಸಲ ಹುಡುಗರು "ಸರ್, ಕ್ರಿಯೇಟಿನ್ ತಗೊಂಡಿದೀನಿ" ಅಂದರೆ, ಗಲಾಟೆಯ ಓಪಿಡಿಯಲ್ಲಿ ಡಾಕ್ಟರಿಗೆ ಅದು "ಕ್ರಿಯೇಟಿನಿನ್ ಮಾಡಿಸಿದೀನಿ" ಅಂತ ಕೇಳಿಸುತ್ತೆ. "ಆಯ್ತು, ರಿಪೋರ್ಟ್ ತನ್ನಿ" ಅಂತಾರೆ. ಮಾತು ಅಲ್ಲಿಗೆ ಮುಗೀತು. ಅದಕ್ಕೇ ನಾನು ಹೇಳೋದು, "ಜಿಮ್ಮಿಗೆ ಹೋಗ್ತೀನಿ, ಕ್ರಿಯೇಟಿನ್ ಪುಡಿ ಕುಡೀತೀನಿ" ಅಂತ ಪೂರ್ತಿಯಾಗಿ ಹೇಳಿ. "ಪುಡಿ" ಅನ್ನೋ ಪದ ಬಿದ್ದರೆ ಡಾಕ್ಟರು ತಲೆ ಎತ್ತಿ ನೋಡ್ತಾರೆ.

ಹೆಸರು ಒಂದೇ ಥರ ಇರೋದು ಸುಮ್ಮನೆ ಅಲ್ಲ. ನಮ್ಮ ಸ್ನಾಯುಗಳಲ್ಲಿ ಕ್ರಿಯೇಟಿನ್ ಹೇಗೂ ಇರುತ್ತೆ. ಪುಡಿ ತಗೊಳ್ಳದೇ ಇರೋರಲ್ಲೂ ಇರುತ್ತೆ. ದೇಹ ಅದನ್ನ ತಾನೇ ಮಾಡಿಕೊಳ್ಳುತ್ತೆ, ಮಾಂಸ ಮೀನು ತಿನ್ನೋರಿಗೆ ಊಟದಿಂದಲೂ ಸಿಗುತ್ತೆ. ಆ ದಾಸ್ತಾನಿನಲ್ಲಿ ದಿನಕ್ಕೆ ಸುಮಾರು ನೂರಕ್ಕೆ ಎರಡು ಭಾಗ ತನ್ನಷ್ಟಕ್ಕೇ ಕ್ರಿಯೇಟಿನಿನ್ ಆಗಿ ಮಾರ್ಪಟ್ಟು ರಕ್ತಕ್ಕೆ ಸೇರುತ್ತೆ. ಕಿಡ್ನಿ ಅದನ್ನ ಸೋಸಿ ಮೂತ್ರದಲ್ಲಿ ಹೊರಗೆ ಹಾಕುತ್ತೆ. ರಕ್ತದಲ್ಲಿ ಅದು ಜಾಸ್ತಿ ಉಳಿದಿದ್ದರೆ ಕಿಡ್ನಿ ಸರಿಯಾಗಿ ಸೋಸ್ತಾ ಇಲ್ಲ ಅಂತ ನಾವು ಊಹೆ ಮಾಡ್ತೀವಿ. ಗಮನಿಸಿ, ಇದು ಊಹೆ. ಚರಂಡಿ ಕಟ್ಟಿಕೊಂಡರೂ ನೀರು ನಿಲ್ಲುತ್ತೆ, ನಲ್ಲಿ ಜೋರಾಗಿ ಬಿಟ್ಟರೂ ನೀರು ನಿಲ್ಲುತ್ತೆ. ಪುಡಿ ತಗೊಂಡಾಗ ದಾಸ್ತಾನು ಹೆಚ್ಚುತ್ತೆ, ಮಾರ್ಪಾಡಾಗೋದೂ ಹೆಚ್ಚುತ್ತೆ, ಅಂದರೆ ನಲ್ಲಿ ಸ್ವಲ್ಪ ಜೋರಾಗುತ್ತೆ. ರಿಪೋರ್ಟಿನ ಅಂಕಿ ನೋಡಿ ಚರಂಡಿ ಕಟ್ಟಿದೆಯೋ, ನಲ್ಲಿ ಜೋರಿದೆಯೋ ಹೇಳೋಕಾಗಲ್ಲ.

ಅದರ ಪಕ್ಕದಲ್ಲೇ ಇಜಿಎಫ್‌ಆರ್ ಅಂತ ಇನ್ನೊಂದು ಅಂಕಿ ಇರುತ್ತೆ. ಅದನ್ನ ಯಾರೂ ಅಳೆದಿರಲ್ಲ. ಕ್ರಿಯೇಟಿನಿನ್, ವಯಸ್ಸು, ಗಂಡೋ ಹೆಣ್ಣೋ, ಇಷ್ಟನ್ನ ಸೂತ್ರಕ್ಕೆ ಹಾಕಿ ಕಂಪ್ಯೂಟರ್ ತೆಗೆದ ಲೆಕ್ಕ ಅದು. ನಿಮ್ಮ ತೋಳು ಎಷ್ಟು ದಪ್ಪ ಇದೆ, ಬೆಳಿಗ್ಗೆ ಏನು ಕುಡಿದಿರಿ ಅನ್ನೋದು ಆ ಸೂತ್ರಕ್ಕೆ ಗೊತ್ತಿಲ್ಲ. ಹಾಗಾಗಿ ಕ್ರಿಯೇಟಿನಿನ್ ಸ್ವಲ್ಪ ಏರಿದರೂ ಇಜಿಎಫ್‌ಆರ್ ಧೊಪ್ ಅಂತ ಬೀಳುತ್ತೆ. 41 ವರ್ಷದ ಗಂಡಸಿಗೆ ಕ್ರಿಯೇಟಿನಿನ್ 1.0 ಇದ್ದರೆ ಈಗ ಬಳಕೆಯಲ್ಲಿರುವ ಸೂತ್ರದ ಪ್ರಕಾರ ಇಜಿಎಫ್‌ಆರ್ ಸುಮಾರು 97. ಅದೇ 1.4 ಆದರೆ ಸುಮಾರು 65. ನೋಡಿದವರಿಗೆ ಕಿಡ್ನಿಯ ಮೂರನೇ ಒಂದು ಭಾಗ ಕೆಲಸ ನಿಲ್ಲಿಸಿದ ಹಾಗೆ ಕಾಣುತ್ತೆ.

ಈ 41 ವರ್ಷ, 1.0, 1.4 ಸುಮ್ಮನೆ ತಗೊಂಡ ಅಂಕಿ ಅಲ್ಲ. ನಮ್ಮಲ್ಲಿಗೆ ಬರುವ ಒಬ್ಬರದ್ದು. ಹೆಸರು ಬೇಡ. ದಾವಣಗೆರೆಯವರು, ಹಾರ್ಡ್‌ವೇರ್ ಅಂಗಡಿ ಇದೆ. ಬಿಪಿ ಮೂರು ಸಲ ನೋಡಿದರೂ 150ರ ಮೇಲೆ, ಕೆಳಗಿನದು 96. ಕ್ರಿಯೇಟಿನಿನ್ 1.0, ಪೊಟ್ಯಾಶಿಯಂ ಸರಿ ಇತ್ತು. ಟೆಲ್ಮಿಸಾರ್ಟಾನ್ 40 ಮಿಲಿಗ್ರಾಂ ಬರೆದೆ. ತೂಕ ಇಳಿಸಿ ಅಂದೆ. ಎರಡು ವಾರ ಬಿಟ್ಟು ಕ್ರಿಯೇಟಿನಿನ್, ಪೊಟ್ಯಾಶಿಯಂ ಮತ್ತೆ ಮಾಡಿಸಿಕೊಂಡು ಬನ್ನಿ ಅಂದೆ. ಈ ಗುಂಪಿನ ಬಿಪಿ ಮಾತ್ರೆ ಶುರು ಮಾಡಿದರೆ ಇದು ಮಾಮೂಲಿ ಕ್ರಮ. ಯಾಕಂದ್ರೆ ಈ ಮಾತ್ರೆ ಕಿಡ್ನಿಯ ಸೋಸುವ ಒತ್ತಡವನ್ನೇ ತಗ್ಗಿಸುತ್ತೆ. ಮೊದಮೊದಲು ಕ್ರಿಯೇಟಿನಿನ್ ಸ್ವಲ್ಪ ಏರೋದು ಸಹಜ. ಮೊದಲಿಗಿಂತ ನೂರಕ್ಕೆ 30ರವರೆಗೆ ಏರಿದರೆ ನಾವು ಮಾತ್ರೆ ಮುಂದುವರಿಸ್ತೀವಿ. ಅದನ್ನ ದಾಟಿದರೆ ನಿಂತು ಕಾರಣ ಹುಡುಕಬೇಕು: ನೀರು ಕಮ್ಮಿಯಾಗಿದೆಯಾ, ನೋವಿನ ಮಾತ್ರೆ ನುಂಗ್ತಾ ಇದ್ದಾರಾ, ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿದೆಯಾ.

ಎರಡು ವಾರಕ್ಕೆ ಬಂದರು. ಬಿಪಿ ಇಳಿದಿದೆ, 134/84. ಪೊಟ್ಯಾಶಿಯಂ 4.4, ಚೆನ್ನಾಗಿದೆ. ಕ್ರಿಯೇಟಿನಿನ್ 1.4. ಅಂದರೆ ನೂರಕ್ಕೆ 40 ಏರಿಕೆ. "ಬೇರೆ ಏನಾದ್ರೂ ಔಷಧಿ, ಟಾನಿಕ್ಕು, ನಾಟಿ ಔಷಧಿ, ನೋವಿನ ಮಾತ್ರೆ?" ಅಂತ ಕೇಳಿದೆ. "ಏನೂ ಇಲ್ಲ ಸರ್, ನೀವು ಕೊಟ್ಟಿದ್ದು ಬಿಟ್ರೆ ಒಂದು ಮಾತ್ರೆ ಇಲ್ಲ." ಅವರು ಸುಳ್ಳು ಹೇಳಲಿಲ್ಲ. ಪಕ್ಕದಲ್ಲಿ ಕೂತಿದ್ದ ಅವರ ಮನೆಯವರು ಹೇಳಿದರು: "ದಿನಾ ಅದೇನೋ ಬಿಳೇ ಪುಡಿ ನೀರಿಗೆ ಹಾಕ್ಕೊಂಡು ಕುಡೀತೀರಲ್ಲ, ಅದನ್ನೂ ಹೇಳ್ರಿ."

ವಿಷಯ ಹೀಗಾಗಿತ್ತು. ನಾನು ತೂಕ ಇಳಿಸಿ ಅಂದಿದ್ದಕ್ಕೆ ಅವರು ಮಾರನೇ ದಿನವೇ ಜಿಮ್ ಸೇರಿದ್ದರು. ಟ್ರೈನರ್ ಕ್ರಿಯೇಟಿನ್ ಡಬ್ಬಿ ಕೊಟ್ಟು, ಮೊದಲ ಏಳು ದಿನ ದಿನಕ್ಕೆ 20 ಗ್ರಾಂ, ಆಮೇಲೆ 5 ಗ್ರಾಂ ಅಂದಿದ್ದ. ಜಿಮ್ಮಿನವರು ಇದಕ್ಕೆ ಲೋಡಿಂಗ್ ಅಂತಾರೆ. ಜೊತೆಗೆ ರಕ್ತ ಕೊಡೋ ಹಿಂದಿನ ಸಂಜೆ ಭಾರಿ ಸ್ಕ್ವಾಟ್, ರಾತ್ರಿ ಮಟನ್ ಊಟ. ಮಾಂಸ ಬೇಯಿಸಿದಾಗ ಅದರೊಳಗಿನ ಕ್ರಿಯೇಟಿನ್ ಸ್ವಲ್ಪ ಅಲ್ಲೇ ಕ್ರಿಯೇಟಿನಿನ್ ಆಗುತ್ತೆ, ಅದೂ ಮಾರನೇ ಬೆಳಿಗ್ಗೆ ರಕ್ತದಲ್ಲಿ ಕಾಣಬಹುದು. ಹೀಗೆ ಒಂದೇ ಹದಿನೈದು ದಿನದಲ್ಲಿ ಎರಡು ಹೊಸ ವಸ್ತು ಶುರುವಾಗಿದ್ದವು, ಒಂದು ನಾನು ಕೊಟ್ಟ ಮಾತ್ರೆ, ಇನ್ನೊಂದು ಟ್ರೈನರ್ ಕೊಟ್ಟ ಪುಡಿ. ಎರಡೂ ಒಂದೇ ಅಂಕಿಯನ್ನ ಮೇಲಕ್ಕೆ ತಳ್ಳುವಂಥವು.

ಪುಡಿ ನಿಲ್ಲಿಸಿ ಅಂದೆ. ಪೊಟ್ಯಾಶಿಯಂ ಚೆನ್ನಾಗಿದ್ದಿದ್ದರಿಂದ ಬಿಪಿ ಮಾತ್ರೆ ಮುಂದುವರಿಸಿದೆ. ಮೂತ್ರದಲ್ಲಿ ಆಲ್ಬುಮಿನ್ ನೋಡಿಸಿದೆ, ಸಹಜವಾಗಿತ್ತು. ಒಂದು ವಾರಕ್ಕೆ ಕ್ರಿಯೇಟಿನಿನ್ 1.2ಕ್ಕೆ ಬಂತು, ನಾಲ್ಕು ವಾರಕ್ಕೆ 1.1. ಮಾತ್ರೆಯಿಂದ ಆದ ಏರಿಕೆ ಆ ಉಳಿದ 0.1 ಇರಬಹುದು. ಮನೆಯವರು ಬಾಯಿ ಬಿಡದೇ ಇದ್ದಿದ್ದರೆ? ಕೆಲಸ ಮಾಡ್ತಾ ಇದ್ದ ಬಿಪಿ ಮಾತ್ರೆ ನಿಲ್ತಿತ್ತು, ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಆಗ್ತಿತ್ತು, ಕಿಡ್ನಿ ತಜ್ಞರಿಗೆ ಚೀಟಿ ಹೋಗ್ತಿತ್ತು. ಮನೆಯಲ್ಲಿ ಒಂದು ತಿಂಗಳು ನಿದ್ದೆ ಇರ್ತಿರಲಿಲ್ಲ. (ಒಂದು ಮಾತು: ಇದೇ ಥರ ರಿಪೋರ್ಟ್ ನಿಮಗೆ ಬಂದರೆ, ಈ ಕಥೆ ಕೇಳಿದ್ದೀವಿ ಅಂತ ಮಾತ್ರೆ ಮುಂದುವರಿಸೋ ತೀರ್ಮಾನ ನೀವೇ ಮಾಡಬೇಡಿ. ಪೊಟ್ಯಾಶಿಯಂ ಏರಿದ್ದರೆ ನಾನೂ ಹಾಗೆ ಮಾಡ್ತಿರಲಿಲ್ಲ.)

ಇದರಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಡಾಕ್ಟರಿಗೆ ಒಂದು ರಿಪೋರ್ಟಿನ ಅಂಕಿಗಿಂತ ಎರಡು ರಿಪೋರ್ಟಿನ ನಡುವಿನ ವ್ಯತ್ಯಾಸ ಮುಖ್ಯ. ಹಾಗಾಗಿ ಪುಡಿ ತಗೊಳ್ತೀರಾ ಇಲ್ವಾ ಅನ್ನೋದಷ್ಟೇ ಸಾಲದು. ಯಾವಾಗ ಶುರು ಮಾಡಿದ್ರಿ, ಯಾವಾಗ ನಿಲ್ಲಿಸಿದ್ರಿ ಅನ್ನೋದು ಬೇಕು. ಕೆಲವರು ಬಲು ಜಾಣತನ ಮಾಡ್ತಾರೆ. ಪರೀಕ್ಷೆ ಇದೆ ಅಂತ ಗೊತ್ತಾದ ಕೂಡಲೇ ಯಾರಿಗೂ ಹೇಳದೆ ಪುಡಿ ನಿಲ್ಲಿಸಿ, ರಕ್ತ ಕೊಟ್ಟು, ಮಾರನೇ ದಿನ ಮತ್ತೆ ಶುರು. ಮುಂದಿನ ಸಲ ಏನೋ ಜ್ವರಕ್ಕೆ ಅಂತ ಆಸ್ಪತ್ರೆಗೆ ಸೇರಿದಾಗ ನೋಡಿದರೆ ಕ್ರಿಯೇಟಿನಿನ್ 1.4. ಹಳೆಯ ರಿಪೋರ್ಟ್ 1.0. ಅಲ್ಲಿನ ಡಾಕ್ಟರಿಗೆ ಇದು ಈ ವಾರ ಕಿಡ್ನಿಗೆ ಬಿದ್ದ ಪೆಟ್ಟಿನ ಹಾಗೇ ಕಾಣುತ್ತೆ. ಅವರದ್ದು ತಪ್ಪಲ್ಲ.

ಈಗ ಚೀಟಿಗೆ ಬರೋಣ. ನಮ್ಮ ಊರುಗಳ ಕ್ಲಿನಿಕ್ಕಿನಲ್ಲಿ ನಿಮಗೆ ಸಿಗೋದು ಮೂರೋ ನಾಲ್ಕೋ ನಿಮಿಷ. ಹೊರಗೆ ಇಪ್ಪತ್ತು ಜನ ಕೂತಿರ್ತಾರೆ. ಅದಕ್ಕೆ ನಾನು ಬಾಯಲ್ಲಿ ಹೇಳೋದಕ್ಕಿಂತ ಬರೆದುಕೊಂಡು ಹೋಗಿ ಅಂತೀನಿ. ಒಂದು ಹರಿದ ಹಾಳೆ ಸಾಕು, ಮೊಬೈಲಿನ ನೋಟ್ಸ್ ಆದರೂ ಸರಿ. ಆ ಅಂಗಡಿಯವರಿಗೆ ನಾನೇ ಬರೆಸಿದ್ದು ಹೀಗಿತ್ತು:

ಏನು: ಕ್ರಿಯೇಟಿನ್ ಮೊನೊಹೈಡ್ರೇಟ್ ಪುಡಿ, ಜಿಮ್ಮಿಗೆ.
ಎಷ್ಟು: ಮೊದಲ 7 ದಿನ 20 ಗ್ರಾಂ, ಆಮೇಲೆ ದಿನಕ್ಕೆ 5 ಗ್ರಾಂ.
ಯಾವಾಗಿಂದ: 12 ದಿನದಿಂದ. ಕೊನೆಯದು: ನಿನ್ನೆ ಬೆಳಿಗ್ಗೆ.
ಜೊತೆಗೆ: ವೇ ಪ್ರೋಟೀನ್ ದಿನಕ್ಕೆ ಒಂದು ಸ್ಕೂಪ್. ನೋವಿನ ಮಾತ್ರೆ ಇಲ್ಲ. ಇಂಜೆಕ್ಷನ್ ಇಲ್ಲ.
ರಕ್ತ ಕೊಡೋ ಹಿಂದಿನ ದಿನ: ಕಾಲಿನ ಭಾರಿ ವ್ಯಾಯಾಮ, ರಾತ್ರಿ ಮಟನ್.
ಹಳೆಯ ಕ್ರಿಯೇಟಿನಿನ್: 1.0, ಪುಡಿ ಶುರು ಮಾಡೋ ಮೊದಲಿನದು.

ಇಷ್ಟೇ. ಓದೋಕೆ ಅರ್ಧ ನಿಮಿಷ.

ಇದರಲ್ಲಿ ಎರಡು ಸಾಲಿನ ಬಗ್ಗೆ ಸ್ವಲ್ಪ ಹೇಳಬೇಕು. ಒಂದು, "ಎಷ್ಟು" ಅನ್ನೋದು. "ಒಂದು ಸ್ಕೂಪ್" ಅಂತ ಬರೀಬೇಡಿ. ಒಂದೊಂದು ಡಬ್ಬಿಯ ಸ್ಕೂಪ್ ಒಂದೊಂದು ಅಳತೆ. ಲೇಬಲ್ಲಿನಲ್ಲಿ ಒಂದು ಸಲಕ್ಕೆ ಎಷ್ಟು ಗ್ರಾಂ ಅಂತ ಅಚ್ಚಾಗಿರುತ್ತೆ, ಅದನ್ನ ನೋಡಿ. ಎಷ್ಟೋ ಮಾಸ್ ಗೇನರ್ ಡಬ್ಬಿಗಳಲ್ಲಿ, ವ್ಯಾಯಾಮಕ್ಕೆ ಮುಂಚೆ ಕುಡಿಯೋ ಪ್ರೀ ವರ್ಕೌಟ್ ಪುಡಿಗಳಲ್ಲಿ ಕ್ರಿಯೇಟಿನ್ ಆಗಲೇ ಬೆರೆತಿರುತ್ತೆ. "ನಾನು ಕ್ರಿಯೇಟಿನ್ ತಗೊಳಲ್ಲ, ಬರೀ ಗೇನರ್" ಅನ್ನೋರು ಲೇಬಲ್ ತಿರುಗಿಸಿ ನೋಡಿದರೆ ಅಲ್ಲಿ 3 ಗ್ರಾಂ ಇರಬಹುದು. ಡಬ್ಬಿಯ ಹಿಂಭಾಗದ ಫೋಟೋ ತೆಗೆದಿಟ್ಟುಕೊಂಡರೆ ಈ ತಲೆನೋವೇ ಇಲ್ಲ. ಟ್ರೈನರ್ ಲೇಬಲ್ ಇಲ್ಲದ ಕವರಿನಲ್ಲಿ ಪುಡಿ ಕೊಟ್ಟಿದ್ದರೆ ಅದನ್ನೂ ಹಾಗೇ ಹೇಳಿ, ಅದರಲ್ಲಿ ಏನಿದೆ ಅಂತ ನಿಮಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ.

ಇನ್ನೊಂದು, ನೋವಿನ ಮಾತ್ರೆ. ಜಿಮ್ಮಿಗೆ ಹೋಗೋರಿಗೆ ಮೈಕೈ ನೋವು ಇದ್ದದ್ದೇ. ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿ ತಗೊಂಡು ನುಂಗ್ತಾರೆ. ಇವು ಕ್ರಿಯೇಟಿನ್ ಥರ ಅಲ್ಲ, ಇವು ಕಿಡ್ನಿಗೆ ರಕ್ತ ಹೋಗೋದನ್ನೇ ಕಮ್ಮಿ ಮಾಡುತ್ತವೆ. ಬಿಪಿ ಮಾತ್ರೆ, ಬೆವರು ಸುರಿದು ನೀರು ಕಮ್ಮಿಯಾದ ಮೈ, ಮೇಲಿಂದ ಡೈಕ್ಲೋಫೆನಾಕ್, ಈ ಮೂರು ಸೇರಿದರೆ ಕಿಡ್ನಿಗೆ ನಿಜವಾಗಲೂ ಪೆಟ್ಟು ಬೀಳಬಹುದು. ಆಗ ಏರಿದ ಕ್ರಿಯೇಟಿನಿನ್ ಪುಡಿಯಿಂದಾನೋ ಪೆಟ್ಟಿನಿಂದಾನೋ ಅಂತ ಬಿಡಿಸೋದು ಕಷ್ಟ. ಇಂಜೆಕ್ಷನ್ ಅಂದಿದ್ದು ಸ್ಟೀರಾಯ್ಡ್ ಬಗ್ಗೆ. ಅಪ್ಪನೋ ಅಮ್ಮನೋ ಜೊತೆಗೆ ಬಂದಿದ್ದರೆ ಬಾಯಿ ಬಿಡೋಕೆ ಹುಡುಗರಿಗೆ ಮುಜುಗರ. "ಡಾಕ್ಟ್ರೇ, ಐದು ನಿಮಿಷ ಒಬ್ಬನೇ ಮಾತಾಡಬೇಕು" ಅನ್ನಿ, ಯಾವ ಡಾಕ್ಟರೂ ಬೇಡ ಅನ್ನಲ್ಲ.

ಈ ಚೀಟಿ ಯಾವಾಗ ತೋರಿಸಬೇಕು? ಪರೀಕ್ಷೆ ಬರೆಯೋ ಮೊದಲು. ರಿಪೋರ್ಟ್ ಬಂದ ಮೇಲೆ ಹೇಳಿದರೆ ಡಾಕ್ಟರಿಗೆ ಅದು ನೆಪ ಥರ ಕೇಳಿಸಬಹುದು. ಮೊದಲೇ ಹೇಳಿದರೆ ಅವರ ಮುಂದೆ ದಾರಿಗಳಿರುತ್ತವೆ. ತುರ್ತಿಲ್ಲದ ಪರೀಕ್ಷೆಯಾದರೆ "ಮೂರು ನಾಲ್ಕು ವಾರ ಪುಡಿ ನಿಲ್ಲಿಸಿ ಆಮೇಲೆ ಮಾಡಿಸೋಣ" ಅನ್ನಬಹುದು, ಸ್ನಾಯುವಿನಲ್ಲಿ ತುಂಬಿದ ದಾಸ್ತಾನು ಮೊದಲಿನ ಮಟ್ಟಕ್ಕೆ ಇಳಿಯೋಕೆ ಹೆಚ್ಚುಕಮ್ಮಿ ಅಷ್ಟು ಸಮಯ ಬೇಕು. ತುರ್ತಾದರೆ ಹಾಗೇ ಮಾಡಿಸಿ, ಜೊತೆಗೆ ಸಿಸ್ಟಾಟಿನ್ ಸಿ ಅನ್ನೋ ಇನ್ನೊಂದು ರಕ್ತ ಪರೀಕ್ಷೆ ಬರೀಬಹುದು. ಅದು ಸ್ನಾಯುವಿನಿಂದ ಬರೋ ವಸ್ತು ಅಲ್ಲ, ಪುಡಿಯಿಂದ ಏರಲ್ಲ. ಸಣ್ಣ ಲ್ಯಾಬಿನಲ್ಲಿ ಮಾಡಲ್ಲ, ಮಾದರಿಯನ್ನ ದೊಡ್ಡ ಊರಿಗೆ ಕಳಿಸ್ತಾರೆ, ದುಡ್ಡೂ ಜಾಸ್ತಿ. ಥೈರಾಯ್ಡ್ ಏರುಪೇರಿದ್ದರೆ ಅಥವಾ ಸ್ಟೀರಾಯ್ಡ್ ತಗೊಳ್ತಾ ಇದ್ದರೆ ಅದೂ ದಾರಿ ತಪ್ಪಿಸುತ್ತೆ. ಹಾಗಾಗಿ ಎಲ್ಲರಿಗೂ ಬೇಕಿಲ್ಲ. ಎರಡರಲ್ಲಿ ಯಾವುದಾದರೂ ಸರಿ, ರಕ್ತ ಕೊಡೋ ಹಿಂದಿನ ಎರಡು ದಿನ ಭಾರಿ ವ್ಯಾಯಾಮ ಬೇಡ, ಹಿಂದಿನ ರಾತ್ರಿ ಮಾಂಸದೂಟ ಬೇಡ, ನೀರು ಎಂದಿನಂತೆ ಕುಡೀರಿ. ಭಾರಿ ವ್ಯಾಯಾಮ ಮಾಡಿದ ಮಾರನೇ ದಿನ ಮೂತ್ರದಲ್ಲೂ ತಾತ್ಕಾಲಿಕವಾಗಿ ಪ್ರೋಟೀನ್ ಕಾಣಿಸಿಕೊಳ್ಳಬಹುದು, ಎಸ್‌ಜಿಒಟಿ ಏರಿ ಲಿವರ್ ಬಗ್ಗೆಯೂ ಸುಮ್ಮನೆ ಗಾಬರಿ ಆಗಬಹುದು.

ಕಂಪನಿಯ ಹೆಲ್ತ್ ಚೆಕಪ್, ಇನ್ಶೂರೆನ್ಸಿನವರ ಪರೀಕ್ಷೆ, ಇವುಗಳಲ್ಲಿ ಡಾಕ್ಟರ ಮುಖವೇ ಕಾಣಲ್ಲ. ಬೆಳಿಗ್ಗೆ ಆರಕ್ಕೆ ಹುಡುಗ ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗ್ತಾನೆ. ಅಲ್ಲಿ ಫಾರ್ಮಿನಲ್ಲಿ ಈಗ ತಗೊಳ್ತಿರುವ ಔಷಧಿ ಅಂತ ಒಂದು ಖಾನೆ ಇರುತ್ತೆ. ಅದರಲ್ಲಿ ಕ್ರಿಯೇಟಿನ್, ಗ್ರಾಂ, ಎಷ್ಟು ದಿನದಿಂದ ಅಂತ ಬರೆದು ಒಂದು ಫೋಟೋ ಇಟ್ಟುಕೊಳ್ಳಿ.

ಹೊಸ ಮಾತ್ರೆ ಬರೆಸಿಕೊಳ್ಳುವಾಗ ಇನ್ನೊಂದೇ ಒಂದು ಪ್ರಶ್ನೆ ಸೇರಿಸಿ: "ಸರ್, ಈ ಮಾತ್ರೆಗೆ ಕಿಡ್ನಿ ರಿಪೋರ್ಟ್ ನೋಡಬೇಕಾ? ನಾನು ಈ ಪುಡಿ ತಗೊಳ್ತೀನಿ." ಬಿಪಿಯ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಗುಂಪಿನ ಬಗ್ಗೆ ಹೇಳಿದೆ. ಮೂತ್ರದ ಸೋಂಕಿಗೆ ಕೊಡೋ ಕೋಟ್ರೈಮಾಕ್ಸಜೋಲ್ ಅಂತ ಒಂದಿದೆ, ಅದರಲ್ಲಿರೋ ಟ್ರೈಮೆಥೊಪ್ರಿಮ್ ಕಿಡ್ನಿಗೆ ಪೆಟ್ಟಾಗದಿದ್ದರೂ ಕ್ರಿಯೇಟಿನಿನ್ ಹೊರಹೋಗೋದನ್ನ ಸ್ವಲ್ಪ ತಡೆಯುತ್ತೆ. ಪುಡಿಯೂ ಇದ್ದರೆ ಅಂಕಿ ಎರಡು ಕಡೆಯಿಂದ ಏರುತ್ತೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಡೋಸನ್ನೂ ಇಜಿಎಫ್‌ಆರ್ ನೋಡಿ ನಿರ್ಧರಿಸ್ತೀವಿ. ಪಟ್ಟಿ ಉದ್ದ ಇದೆ, ಅದನ್ನ ನೀವು ಬಾಯಿಪಾಠ ಮಾಡಬೇಕಿಲ್ಲ, ಪ್ರಶ್ನೆ ಕೇಳಿದರೆ ಸಾಕು.

ಇದರ ಉಲ್ಟಾ ತಪ್ಪೂ ನಡೆಯುತ್ತೆ, ನನಗೆ ಹೆಚ್ಚು ಭಯ ಅದರದ್ದೇ. "ಓ, ಅದು ಪುಡಿಯಿಂದ ಸರ್, ಯೂಟ್ಯೂಬ್‌ನಲ್ಲಿ ಹೇಳಿದಾರೆ" ಅಂತ ಏರಿದ ಕ್ರಿಯೇಟಿನಿನ್ ಅನ್ನ ತಳ್ಳಿಹಾಕೋದು. ಪುಡಿಯಿಂದ ಏರೋದು ಸಾಮಾನ್ಯವಾಗಿ ಸ್ವಲ್ಪ, ಒಂದು ಪಾಯಿಂಟಿನ ಒಂದೆರಡು ಹತ್ತನೇ ಭಾಗ, ಲೋಡಿಂಗ್ ಇದ್ದರೆ ಇನ್ನೂ ಚೂರು. 2.0 ಬಂದರೆ ಪುಡಿಯ ಹೆಸರು ಹೇಳಿ ಮನೆಗೆ ಹೋಗೋ ಹಾಗಿಲ್ಲ. ಪುಡಿ ನಿಲ್ಲಿಸಿ ನಾಲ್ಕು ವಾರ ಆದರೂ ಇಳಿಯದಿದ್ದರೆ ಅದು ಪುಡಿಯದ್ದಲ್ಲ. ಮತ್ತೆ ಮತ್ತೆ ಪರೀಕ್ಷಿಸಿದರೂ ಮೂತ್ರದಲ್ಲಿ ಆಲ್ಬುಮಿನ್ ಇದೆ, ಪೊಟ್ಯಾಶಿಯಂ ಏರಿದೆ, ಕಾಲು ಬಾತಿದೆ, ಮೂತ್ರ ನೊರೆ ನೊರೆ ಬರ್ತಿದೆ, ಚಿಕ್ಕ ವಯಸ್ಸಿಗೇ ಬಿಪಿ ಇದೆ, ಇವ್ಯಾವುದಕ್ಕೂ ಕ್ರಿಯೇಟಿನ್ ಕಾರಣ ಅಲ್ಲ. ವ್ಯಾಯಾಮ ಮಾಡಿದ ಮೇಲೆ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ಮೈಕೈ ಊದಿ ವಿಪರೀತ ನೋವಾದರೆ ಚೀಟಿ ಬರೀತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಅದು ಸ್ನಾಯು ಒಡೆದು ಕಿಡ್ನಿಗೆ ಸೇರ್ತಾ ಇರೋದರ ಲಕ್ಷಣ.

ಇನ್ನು, ಎಲ್ಲ ಸರಿ ಇದೆ ಅಂತ ಗೊತ್ತಾಗಿ ಮತ್ತೆ ಪುಡಿ ಶುರು ಮಾಡೋದಾದರೆ? ಆ ಅಂಗಡಿಯವರೂ ಕೇಳಿದರು. ಲೋಡಿಂಗ್ ಬೇಡ, ದಿನಕ್ಕೆ 3 ಗ್ರಾಂ ಸಾಕು ಅಂದೆ. ಲೋಡಿಂಗ್ ಇಲ್ಲದಿದ್ದರೂ ಮೂರ್ನಾಲ್ಕು ವಾರದಲ್ಲಿ ಸ್ನಾಯು ಅಷ್ಟೇ ತುಂಬಿಕೊಳ್ಳುತ್ತೆ. ಶುರು ಮಾಡಿದ ತಾರೀಖನ್ನ ನನ್ನ ಫೈಲಿನಲ್ಲೇ, ಬಿಪಿ ಮಾತ್ರೆಯ ಕೆಳಗೆ ಬರೆಸಿದೆ. ಆರು ವಾರ ಬಿಟ್ಟು ಒಂದು ಕ್ರಿಯೇಟಿನಿನ್ ಮಾಡಿಸಿದ್ದೀವಿ, 1.2. ಪುಡಿ ತಗೊಳ್ತಿರುವಾಗ ಅವರ ಅಂಕಿ ಇದು ಅಂತ ಈಗ ಬರೆದಿಟ್ಟಿದೆ. ಮುಂದೆ ಯಾವ ಆಸ್ಪತ್ರೆಗೆ ಹೋದರೂ ಹೋಲಿಸಿ ನೋಡೋಕೆ ಆ ಎರಡು ರಿಪೋರ್ಟಿನ ಫೋಟೋ ಅವರ ಮೊಬೈಲಿನಲ್ಲಿ ಇದೆ, ಅವರ ಮನೆಯವರ ಮೊಬೈಲಿನಲ್ಲೂ ಇದೆ.